ಭಾವನ ಫೋನಿಗೆ ಹೋದ ಓಟಿಪಿ

ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ನನ್ನ ಬಾಯಿಗೆ ಹೆದರದವರು ಕಡಿಮೆ. ಲಾರಿ ಡ್ರೈವರು ಕಾಯಿ ಎಣಿಸುವಾಗ ಕೈಚಳಕ ತೋರಿಸಿದರೆ ಅಲ್ಲೇ ಇಳಿಸಿ ನಿಲ್ಲಿಸುತ್ತೇನೆ. ದಿಲ್ಲಿ ಕಡೆಯ ವ್ಯಾಪಾರಿ ಹಿಂದಿಯಲ್ಲಿ ಬೈದರೆ ನಾನು ಕನ್ನಡದಲ್ಲೇ ಅವನಿಗೆ ಅರ್ಥವಾಗುವ ಹಾಗೆ ಬೈಯುತ್ತೇನೆ. ಅಂಥ ನಾನು ಒಂದು ಬೆಳಗ್ಗೆ ಪಕ್ಕದ ಮಂಡಿಯ ಚಲುವರಾಜುವಿನ ಮುಖ ನೋಡಿ ಹೆದರಿಬಿಟ್ಟೆ.

ಅವನು ನನ್ನ ಮಂಡಿಯ ಮುಂದೆ ಕಾಯಿ ಗುಡ್ಡೆಯ ಪಕ್ಕ ಸುಮ್ಮನೆ ನಿಂತಿದ್ದ. ಮಾತೇ ನಿಲ್ಲಿಸದ ಗಂಡಸು ಸುಮ್ಮನೆ ನಿಂತರೆ ಏನೋ ಆಗಿದೆ ಅಂತಲೇ ಲೆಕ್ಕ.

"ಯಾಕ್ಲಾ, ಗರ ಬಡ್ದಂಗ್ ನಿಂತಿದ್ದೀಯ?" ಅಂದೆ.

"ಬ್ಯಾಂಕ್‌ಗೆ ಓಗಿದ್ದೆ ಕಣಕ್ಕ. ನನ್ ಖಾತೆ ನಿಲ್ಲಿಸ್ಬುಟ್ಟವ್ರೆ. ಇನ್ಕಮ್ ಟ್ಯಾಕ್ಸ್‌ನೋರು ಬರ್ದವ್ರಂತೆ. ನೋಟೀಸ್ ಮೇಲೆ ನೋಟೀಸ್ ಕೊಟ್ರೂ ನಾನು ಉತ್ತರ ಕೊಡ್ನಿಲ್ವಂತೆ, ಅದ್ಕೆ ಅವ್ರೇ ತೀರ್ಮಾನ ಮಾಡಿ ಆರ್ಡರ್ ಹಾಕ್ಬುಟ್ರಂತೆ. ನನ್ಗೆ ಒಂದ್ ನೋಟೀಸೂ ಬಂದಿಲ್ಲ ಕಣಕ್ಕ."

"ನಿನ್ಗೆಲ್ಲಿ ಬತ್ತದೆ? ಎಲ್ಲಾ ಭಾವನ ಫೋನಿಗೆ ತಾನೆ ಬರಾದು" ಅಂದೆ. ಅಂದ ಮೇಲೆ ನನ್ನ ಮಾತೇ ನನಗೆ ಕೇಳಿಸಿತು.

ಭಾವ ಅಂದರೆ ಸಿದ್ದರಾಮು. ನನ್ನ ಯಜಮಾನರಾದ ಮಹದೇವು ಅವರ ದೊಡ್ಡಪ್ಪನ ಮಗ. ಕೊಕ್ಕರೆ ಬೆಳ್ಳೂರಿನ ನಮ್ಮ ಕೇರಿಯಲ್ಲಿ ಬಿ.ಕಾಂ. ಓದಿದ ಮೊದಲನೆಯವರು. ಮಂಡ್ಯದ ಗುತ್ತಲು ರಸ್ತೆಯಲ್ಲಿ, ಮಹಡಿ ಮೇಲೆ, ತೆರಿಗೆ ಸಲಹೆಗಾರರು ಅಂತ ಬೋರ್ಡು ಹಾಕಿಕೊಂಡು ನಮ್ಮ ಮದುವೆಗೂ ಮುಂಚಿನಿಂದ ಕೂತಿದ್ದಾರೆ. ನಮ್ಮ ಜನ ಈ ಮಾರುಕಟ್ಟೆಗೆ ಕಾಯಿ ಹೊರುವುದಕ್ಕೆ ಬರುತ್ತಿದ್ದರೇ ಹೊರತು ಮಂಡಿ ಹಾಕುವುದಕ್ಕಲ್ಲ. ಯಜಮಾನರಿಗೆ ಲೈಸೆನ್ಸು ಕೊಡಿಸಿ, ಬ್ಯಾಂಕಿನ ಮ್ಯಾನೇಜರ ಮುಂದೆ ಕೂರಿಸಿ, "ಇವ್ನು ನನ್ ತಮ್ಮ, ಲೆಕ್ಕ ನಾನ್ ನೋಡ್ಕತೀನಿ" ಅಂದವರು ಭಾವ. ಆ ಮಾತನ್ನು ನಂಬಿ ಚಲುವರಾಜುವಿನಂಥವರೂ ಸುತ್ತಲಿನ ಎಷ್ಟೋ ಮಂಡಿಯವರೂ ಅವರ ಹತ್ತಿರವೇ ಹೋದರು.

ಕೊರೊನಾದಲ್ಲಿ ಯಜಮಾನರು ಹೋದ ಮೇಲೆ ಮಂಡಿ ನನ್ನ ಹೆಸರಿಗಾಯಿತು. ಭಾವನೇ ನನ್ನನ್ನು ತೆರಿಗೆಯ ಪೋರ್ಟಲಿಗೆ ಸೇರಿಸಿದರು. ಫೋನ್ ನಂಬರು ಅನ್ನುವ ಕಡೆ ಅವರದೇ ನಂಬರು, ಈಮೇಲ್ ಅನ್ನುವ ಕಡೆ ಅವರದೇ ಈಮೇಲು. "ನಿನ್ಗ್ಯಾಕವ್ವ ಆ ತಲೆನೋವು" ಅಂದಿದ್ದರು. ನನಗೂ ಅದೇ ಬೇಕಿತ್ತು. ಹೋದ ವರ್ಷ ನನಗೂ ಒಂದು ನೋಟೀಸು ಬಂತು. ಮಂಡಿ ನನ್ನ ಹೆಸರಿಗಾದ ಮೊದಲ ವರ್ಷ ಖಾತೆಗೆ ಇಷ್ಟೊಂದು ನಗದು ಯಾಕೆ ಕಟ್ಟಿದ್ದೀರಿ, ಇದು ಎಲ್ಲಿಂದ ಬಂತು ಅಂತ. ಭಾವ ತಮ್ಮನ್ನೇ ನನ್ನ ಪರ ಪ್ರತಿನಿಧಿ ಅಂತ ಪೋರ್ಟಲಿನಲ್ಲಿ ಹಾಕಿಕೊಂಡು, "ಇನ್ಮೇಲೆ ಏನ್ ಬಂದ್ರೂ ನನ್ ಹತ್ರ ಬತ್ತದೆ, ನೀನು ಕಾಯಿ ಮಾರ್ಕೊ" ಅಂದರು. ನಾನು ಕಾಯಿ ಮಾರಿಕೊಂಡಿದ್ದೆ.

ಮಧ್ಯಾಹ್ನವೇ ಮಂಡ್ಯಕ್ಕೆ ಹೋದೆ. ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ನನ್ನ ಖಾತೆ ನಿಂತರೆ ನನ್ನ ದುಡ್ಡು ಮಾತ್ರ ನಿಲ್ಲುವುದಿಲ್ಲ. ಅದರಲ್ಲಿ ಇರುವುದು ಹೆಚ್ಚಿನದು ರೈತರದು. ವ್ಯಾಪಾರಿ ಕೊಟ್ಟಿದ್ದು ನನ್ನ ಖಾತೆಗೆ ಬಂದು ರೈತನ ಕೈಗೆ ಹೋಗುತ್ತದೆ, ನಡುವೆ ನನಗೆ ಉಳಿಯುವುದು ಕಮಿಷನ್. ಕಾಯಿ ಕೊಟ್ಟವನಿಗೆ ಒಂದು ವಾರ ದುಡ್ಡು ಇಲ್ಲ ಅಂದರೆ ಸಾಕು, ಅವನ ಗಾಡಿ ಮುಂದಿನ ಸಲ ಬೇರೆ ಮಂಡಿಯ ಮುಂದೆ ನಿಲ್ಲುತ್ತದೆ. ನಮ್ಮಂಥವರ ಮಂಡಿಯ ಮುಂದೆ ಗಾಡಿ ನಿಲ್ಲಿಸುವುದಕ್ಕೇ ಎಷ್ಟು ವರ್ಷ ಹಿಡಿಯಿತು ಅಂತ ನನಗೆ ಗೊತ್ತು. ಒಂದು ಸಲ ಹೋದರೆ ಮಂಡಿ ಮತ್ತೆ ಎದ್ದು ನಿಲ್ಲುವುದಿಲ್ಲ.

ಭಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂತಿದ್ದರು. ಕಂಪ್ಯೂಟರು ಆನ್ ಆಗಿರಲಿಲ್ಲ. ನನ್ನನ್ನು ನೋಡಿ ಮುಖ ಅರಳಿತು.

"ಬಾ ಅರುಂಧತಿ, ಕೂತ್ಕೊ. ಕಾಪಿ ಕುಡೀತೀಯ?"

"ಕಾಫಿ ಇರ್ಲಿ ಭಾವ. ನನ್ ಕೇಸ್ ಏನಾಯ್ತು?"

"ಎಲ್ಲಾ ಹಾಕಿವ್ನಿ ಕಣವ್ವ. ಉತ್ತರ ಓಗದೆ. ಇನ್ನೇನಿದ್ರೂ ಅವ್ರು ಏಳ್ಬೇಕು."

"ಚಲುವರಾಜುದು?"

"ಅವ್ನ್ದೂ ಹಾಕಿವ್ನಿ."

ಮೇಜಿನ ಮೇಲೆ ಅವರ ಫೋನು ಒಂದು ಸಲ ಟಣ್ ಅಂತು. ಅವರು ಅದನ್ನು ನೋಡಲಿಲ್ಲ. ಕೈಯಿಂದ ಮೆಲ್ಲಗೆ ತಿರುಗಿಸಿ, ಮುಖ ಕೆಳಗೆ ಮಾಡಿ ಇಟ್ಟರು. ನಾನು ಬಾಯಿ ತೆರೆದೆ, ಜೋರು ಮಾಡಿಯೇಬಿಡೋಣ ಅಂತ. ಅಷ್ಟರಲ್ಲಿ ಅವರು ಕೇಳಿದರು.

"ಮಾದೇವು ಎಲ್ಲಿ, ಲಾರಿ ಜೊತೆ ಓದ್ನಾ?"

ಯಜಮಾನರ ಮಣ್ಣಿಗೆ ಹೋಗುವುದಕ್ಕೆ ಆಗ ಯಾರಿಗೂ ಬಿಡುತ್ತಿರಲಿಲ್ಲ. ಹೇಗೋ ಪಾಸು ಮಾಡಿಸಿಕೊಂಡು ಬಂದು ನನ್ನ ಜೊತೆ ನಿಂತವರು ಇದೇ ಭಾವ. "ಹೂಂ ಭಾವ" ಅಂದುಬಿಟ್ಟೆ. ಇನ್ನೇನು ಹೇಳಬೇಕಿತ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಅವತ್ತು ಸಂಜೆ ಅತ್ತೆಗೆ ಹೇಳಿದೆ. ಅತ್ತೆ ಮುದ್ದಮ್ಮ ಅಕ್ಕಿ ಆರಿಸುತ್ತಿದ್ದವರು ಮೊರ ಕೆಳಗಿಟ್ಟರು. ಬೇರೆಯವರ ಹತ್ತಿರ ತೋರಿಸಬೇಕು, ಭಾವನ ಹೆಸರು ತೆಗೆಸಬೇಕಾಗಬಹುದು ಅಂದೆ.

"ಅವ್ನ ಎಸ್ರು ತಗ್ದಾಕ್ತೀಯ? ಅವ್ನಿಗೆ ಗೊತ್ತಾಗಕಿಲ್ವಾ?"

"ಗೊತ್ತಾಯ್ತದೆ. ಮೆಸೇಜು ಅವ್ರ ಫೋನಿಗೇ ಓಗಾದು."

"ಹಂಗಾರೆ ಬುಡು. ಅನ್ನ ಕಾಣ್ಸಿದ್ ಕೈಯ ಮೆಸೇಜ್‌ನಾಗೆ ಕಡಿಯಾದಾ?"

"ಬುಟ್ರೆ ಮಂಡಿ ಓಯ್ತದೆ ಕಣತ್ತೆ."

ಅತ್ತೆ ಮತ್ತೆ ಮೊರ ಎತ್ತಿಕೊಂಡರು. ಅಕ್ಕಿಯನ್ನು ನೋಡುತ್ತಲೇ, "ಮಂಡ್ಯದಾಗೆ ತೋರ್ಸ್ಬೇಡ. ಯಾರಾನಾ ನೋಡ್ತಾರೆ" ಅಂದರು. ಅದೇ ಅವರ ಒಪ್ಪಿಗೆ ಅಂತ ತಿಳಿದುಕೊಂಡೆ.

ಮಾರನೆಯ ದಿನ ಮಳವಳ್ಳಿಗೆ ಹೋದೆ, ಕಳ್ಳಿಯ ಹಾಗೆ ಸೆರಗು ಹೊದ್ದುಕೊಂಡು. ಅಲ್ಲಿ ರಂಜಿತ ಅಂತ ಚಾರ್ಟರ್ಡ್ ಅಕೌಂಟೆಂಟ್ ಒಬ್ಬಳು ಹೊಸದಾಗಿ ಆಫೀಸು ತೆರೆದಿದ್ದಳು. ಕಡಿಮೆ ಮಾತಿನ ಹುಡುಗಿ. ಕಡಿಮೆ ಮಾತಿನವರನ್ನು ಕಂಡರೆ ನನಗೆ ಆಗುವುದಿಲ್ಲ, ಅವತ್ತಂತೂ ಇನ್ನೂ ಆಗಲಿಲ್ಲ.

"ಪಾಸ್‌ವರ್ಡ್ ಇದೆಯಾ?" ಅಂದಳು.

"ಇಲ್ಲ. ಭಾವನ ಹತ್ರ ಅದೆ."

"ಆಧಾರ್‌ಗೆ ಇರೋ ಫೋನು ನಿಮ್ಮದೇನಾ?"

ಅದು ನನ್ನದೇ. ಆಧಾರಿಗೆ ಬರುವ ಓಟಿಪಿಯಿಂದ ಹೊಸ ಪಾಸ್‌ವರ್ಡ್ ಮಾಡಿದಳು. ನನ್ನ ಹೆಸರಿನ ಪುಟ ತೆರೆಯಿತು. ನನ್ನ ಮನೆಗೆ ನಾನೇ ಮೊದಲನೇ ಸಲ ಹೋದ ಹಾಗಿತ್ತು. ಅವಳು ಒಂದೊಂದೇ ಒತ್ತಿ, ನನ್ನ ಕೇಸಿನ ನೋಟೀಸುಗಳೆಲ್ಲ ಸಾಲಾಗಿ ಇರುವ ಕಡೆ ಬಂದಳು. ಓದಿದಳು. ಕೆಳಗೆ ಹೋದಳು, ಮತ್ತೆ ಮೇಲೆ ಬಂದಳು. ನಾನು ಅವಳ ಮುಖ ನೋಡುತ್ತಿದ್ದೆ.

"ಏನಾರ ಏಳವ್ವ" ಅಂದೆ.

"ಮೊದಲ ನೋಟೀಸಿಗೆ ನಿಮ್ಮ ಭಾವ ಚೆನ್ನಾಗೇ ಉತ್ತರ ಕೊಟ್ಟಿದ್ದಾರೆ. ನಡುವೆ ಎರಡಕ್ಕೆ ಇಲ್ಲ. ಆಮೇಲೆ, ಖಾತೆಗೆ ಬಂದಿದ್ದನ್ನೆಲ್ಲ ನಿಮ್ಮ ಆದಾಯ ಅಂತ ಯಾಕೆ ಹಿಡಿಯಬಾರದು ಅಂತ ಕೇಳಿ ಶೋಕಾಸ್ ನೋಟೀಸ್ ಬಂದಿದೆ. ಅದಕ್ಕೆ ಉತ್ತರ ಹಾಕಿದ್ದಾರೆ, ವಿಡಿಯೋದಲ್ಲಿ ಹಿಯರಿಂಗ್ ಬೇಕು ಅಂತಾನೂ ಕೇಳಿದ್ದಾರೆ. ಅವರು ಒಪ್ಪಿದ್ದಾರೆ. ದಿನ, ಟೈಮು, ಲಿಂಕ್ ಹಾಕಿ ನೋಟೀಸ್ ಕಳಿಸಿದ್ದಾರೆ."

"ಯಾವತ್ತು?"

"ನಾಳೆ ಬೆಳಗ್ಗೆ."

ನಿನ್ನೆ ಚಲುವರಾಜು ಬಂದು ನಿಂತಿರದಿದ್ದರೆ ನಾಳೆ ಬೆಳಗ್ಗೆ ನಾನು ಕಾಯಿ ಇಳಿಸಿಕೊಳ್ಳುತ್ತಿದ್ದೆ. ಅಲ್ಲೆಲ್ಲೋ ಒಬ್ಬ ಆಫೀಸರು ಪರದೆಯ ಮುಂದೆ ಕಾದು, ಯಾರೂ ಬರಲಿಲ್ಲ ಅಂತ ಬರೆದುಕೊಂಡು ಎದ್ದು ಹೋಗುತ್ತಿದ್ದರು.

"ಬೇರೆ ದಿನ ಕೇಳಾಕಾಗಲ್ವಾ?"

"ಪೋರ್ಟಲಲ್ಲೇ ಕೇಳಬಹುದು. ಕೊಡಲೇಬೇಕು ಅಂತಿಲ್ಲ. ಆರ್ಡರ್ ಮಾಡೋಕೆ ಅವರಿಗಿರೋ ಗಡುವೂ ಹತ್ತಿರ ಬಂದಿದೆ. ಅದನ್ನ ನಂಬ್ಕೊಂಡು ಕೂರೋದು ಬೇಡ. ನೀವೊಬ್ಬರೇ ಕೂತು ಮಾತಾಡಬಹುದು. ನಾನು ನಿಮ್ಮ ಪರ ಮಾತಾಡಬೇಕು ಅಂದರೆ ನನ್ನನ್ನ ಪ್ರತಿನಿಧಿ ಅಂತ ಸೇರಿಸಬೇಕು. ಒಂದು ಕೇಸಿಗೆ ಒಂದು ಸಲಕ್ಕೆ ಒಬ್ಬರೇ ಇರೋಕಾಗೋದು. ಅವರನ್ನ ತೆಗೀಬೇಕು."

ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು. ಭಾವನ ಹೆಸರು ಇಂಗ್ಲಿಷಿನಲ್ಲಿ ದೊಡ್ಡದಾಗಿ ಇತ್ತು, ಅದರ ಪಕ್ಕದಲ್ಲಿ ವಾಪಸ್ ತೆಗೆದುಕೊಳ್ಳುವ ಗುಂಡಿ.

"ನಿಮ್ಮ ಲಾಗಿನ್. ನೀವೇ ಒತ್ತಿ" ಅಂದಳು.

ಮಾರುಕಟ್ಟೆಯಲ್ಲಿ ಮಚ್ಚು ಹಿಡಿದು ಒಂದೇ ಏಟಿಗೆ ಎಳನೀರು ಕೆತ್ತುವ ಕೈ ನನ್ನದು. ಆ ಗುಂಡಿಯ ಮೇಲೆ ಬೆರಳಿಡುವುದಕ್ಕೆ ಆಗಲಿಲ್ಲ. ಇವ್ನು ನನ್ ತಮ್ಮ ಅಂತ ಭಾವ ಬ್ಯಾಂಕಿನಲ್ಲಿ ಅಂದ ಮಾತು ಕಿವಿಯಲ್ಲಿತ್ತು. ರಂಜಿತ ಸುಮ್ಮನೆ ಕಾದಳು, ಒಂದು ಸಮಾಧಾನದ ಮಾತೂ ಆಡಲಿಲ್ಲ. ಹಾಳಾದವಳೇ ಅಂತ ಮನಸ್ಸಿನಲ್ಲಿ ಬೈದುಕೊಂಡು ಒತ್ತಿದೆ. ಭಾವನ ಹೆಸರಿನ ಮುಂದೆ ಹಿಂಪಡೆಯಲಾಗಿದೆ ಅಂತ ಬಂತು. ಅಷ್ಟೇ. ಅಷ್ಟು ಸಲೀಸು.

ಆಮೇಲೆ ಅವಳ ಹೆಸರು, ವಿವರ ತುಂಬಿಸಿ ಮುಂದಕ್ಕೆ ಕಳಿಸಿದಳು. ಪರದೆ ಓಟಿಪಿ ಕೇಳಿತು. ಪಾಸ್‌ವರ್ಡಿಗೆ ಬಂದ ಹಾಗೆ ಇದೂ ನನಗೇ ಬರುತ್ತದೆ ಅಂತ ನನ್ನ ಫೋನು ಹಿಡಿದುಕೊಂಡು ಕೂತೆ. ಬರಲಿಲ್ಲ. ರಂಜಿತ ಪರದೆಗೆ ಬಗ್ಗಿ ನೋಡಿದಳು. ನಂಬರಿನ ಕೊನೆಯ ಅಂಕಿಗಳು ಮಾತ್ರ ಕಾಣುತ್ತಿದ್ದವು.

"ಈ ನಂಬರು ನಿಮ್ಮದಲ್ವಾ?"

ನಾನು ನೋಡಿದೆ. ಆ ಅಂಕಿ ನನಗೆ ಬಾಯಿಪಾಠ. ಯಜಮಾನರು ಆಸ್ಪತ್ರೆಯಲ್ಲಿದ್ದಾಗ ದಿನಕ್ಕೆ ಎಷ್ಟೋ ಸಲ ಒತ್ತಿದ ನಂಬರು.

"ಭಾವಂದು" ಅಂದೆ.

ಮೊದಲನೇ ಸಲ ಆ ಹುಡುಗಿಯ ಮುಖ ಬಣ್ಣಗೆಟ್ಟಿತು. "ಪಾಸ್‌ವರ್ಡ್‌ಗೆ ಆಧಾರ್ ನಂಬರಿಗೆ ಬಂತು. ಇದು ಪೋರ್ಟಲಲ್ಲಿ ಬರೆಸಿರೋ ನಂಬರಿಗೆ ಹೋಗುತ್ತೆ. ನಾನೇ ಮೊದಲು ನೋಡಬೇಕಿತ್ತು. ಪರವಾಗಿಲ್ಲ, ಪ್ರೊಫೈಲಲ್ಲಿ ನಿಮ್ಮ ನಂಬರು, ನಿಮ್ಮ ಈಮೇಲು ಹಾಕೋಣ. ಅದಕ್ಕೆ ಬರೋ ಓಟಿಪಿ ಹೊಸ ನಂಬರಿಗೇ ಬರುತ್ತೆ. ಆಮೇಲೆ ಇದನ್ನ ಮತ್ತೆ ಕಳಿಸೋಣ."

ಅವಳಿಗೆ ಪರವಾಗಿಲ್ಲ. ನನಗೆ ಎಲ್ಲಾ ಮುಗಿದಿತ್ತು. ಮುಖ ಕೆಳಗೆ ಮಾಡಿ ಇಟ್ಟ ಆ ಫೋನು ಮಂಡ್ಯದ ಮೇಜಿನ ಮೇಲೆ ಟಣ್ ಅಂದಿರುತ್ತದೆ. ಇವತ್ತು ಅದನ್ನು ಎತ್ತಿ ನೋಡದಿರಲಿ ದೇವರೇ, ನೋಡಿದರೂ ಅರ್ಥವಾಗದಿರಲಿ ಅಂತ ಬೇಡಿಕೊಂಡೆ. ಮನುಷ್ಯರ ಮರೆವಿಗೆ ಹರಕೆ ಕಟ್ಟುವಷ್ಟು ಕೆಟ್ಟವಳಾಗಿದ್ದೆ.

ನನ್ನ ಕೈಯಲ್ಲಿದ್ದ ಫೋನು ಹೊಡೆದುಕೊಂಡಿತು. ಭಾವ.

"ಎತ್ತಬೇಡಿ ಬೇಕಾದರೆ" ಅಂದಳು ರಂಜಿತ. ನಾನು ಎತ್ತಿದೆ. ಎತ್ತದೆ ಇದ್ದರೆ ಇನ್ನು ಯಾವತ್ತೂ ಆ ಮಹಡಿ ಹತ್ತುವುದಕ್ಕೆ ಆಗುವುದಿಲ್ಲ ಅಂತ ಅನಿಸಿತು.

"ಅರುಂಧತಿ."

"ಭಾವ."

"ಓಟಿಪಿ ಬಂದದೆ. ಬರ್ಕೊ."

ನಾನು ರಂಜಿತಳ ಮುಖ ನೋಡಿದೆ.

"ಬರ್ಕೊಳವ್ವ, ಟೈಮ್ ಆಗ್ಬುಡ್ತದೆ. ನಾಕು, ಒಂಬತ್ತು, ಒಂದು..." ನಿಂತರು. ಉಸಿರು ಕೇಳಿಸುತ್ತಿತ್ತು. "ಎಲ್ಲಿಗಂಟ ಏಳ್ದೆ?"

"ಒಂದು ಅಂದ್ರಿ."

"ತಡಿ, ಮೊದ್ಲಿಂದ ಏಳ್ತೀನಿ."

ಮೊದಲಿನಿಂದ ಹೇಳಿದರು, ಒಂದೊಂದೇ ಅಂಕಿ, ಬೆರಳಿಟ್ಟುಕೊಂಡು ಓದುವ ಮಕ್ಕಳ ಹಾಗೆ. ನಾನು ಜೋರಾಗಿ ಹೇಳುತ್ತಾ ಹೋದೆ, ರಂಜಿತ ಒತ್ತುತ್ತಾ ಹೋದಳು. ಪರದೆಯಲ್ಲಿ ಹಸಿರು ಗುರುತು ಬಂತು.

"ಆಯ್ತಾ?"

"ಆಯ್ತು ಭಾವ." ಅಷ್ಟು ಹೇಳಿ ಅಳು ಬಂದುಬಿಟ್ಟಿತು, ತಡೆದುಕೊಳ್ಳಲಿಲ್ಲ. "ತಪ್ಪು ತಿಳ್ಕಬೇಡಿ ಭಾವ."

"ಏನ್ ತಪ್ಪು? ಇಯರಿಂಗ್ ಬೇಕು ಅಂತ ನಾನೇ ಕೇಳಿದ್ದೆ, ಅದು ಜ್ಞಾಪ್ಕ ಅದೆ. ಯಾವತ್ತು ಕೊಟ್ಟವ್ರೆ ಅಂತ ನೋಡಾಕೆ ಎದ್ರಿಕೆ. ಫೋನು ಟಣ್ ಅಂದ್ರೆ ಸಾಕು, ಯಾರ್ ಮನೆ ಹಾಳ್ ಮಾಡಿದ್ನೋ ಅನ್ನಿಸ್ತದೆ. ಚಲುವರಾಜು ಬಂದು ಬೈಯ್ದು ಓದ. ಬೈಸ್ಕಬೇಕು." ಆಮೇಲೆ ಲೆಕ್ಕದ ಮಾತಿಗೆ ಬಂದರು. "ಕಾಯಿ ಪಟ್ಟಿ ಎಲ್ಲಾ ಗೋಣಿಚೀಲದಾಗೆ ಕಟ್ಟಿ ನಿಮ್ಮ ಅಟ್ಟದ ಮೇಲೆ ಮಡಗ್ಸಿದ್ದೆ. ಯಾವ್ ರೈತನ್ಗೆ ಏನ್ ಕೊಟ್ಟೆ ಅಂತ ಅದ್ರಾಗದೆ. ನಾಳೆಗೆ ಅದು ಬೇಕಾಯ್ತದೆ ಅಂತ ಆವಮ್ಮನ್ಗೆ ಏಳು."

ರಂಜಿತಳ ಹೆಸರು ಮೆಸೇಜಿನಲ್ಲೇ ಇತ್ತೋ ಏನೋ, ಯಾರು ಆವಮ್ಮ, ಯಾರ ಹತ್ತಿರ ಹೋಗಿದ್ದೀಯ ಅಂತ ಕೇಳಲಿಲ್ಲ. ನಾಳೆ ಅಂದರಲ್ಲ, ದಿನ ಗೊತ್ತಿತ್ತೋ, ಬಾಯಿಗೆ ಬಂದಿದ್ದೋ ನನಗೆ ತಿಳಿಯಲಿಲ್ಲ. ಫೋನ್ ಇಟ್ಟರು.

ರಂಜಿತ ತನ್ನ ಲಾಗಿನ್ನಿಗೆ ಹೋಗಿ ಕೋರಿಕೆಯನ್ನು ಒಪ್ಪಿಕೊಂಡಳು. ಅಧಿಕಾರ ಪತ್ರಕ್ಕೆ ನನ್ನ ಸಹಿ ಹಾಕಿಸಿಕೊಂಡಳು. ಆಮೇಲೆ ನನ್ನ ನಂಬರು, ನನ್ನ ಈಮೇಲು ಹಾಕಿಸಿ, "ಇನ್ನು ಏನು ಬಂದರೂ ಮೊದಲು ನಿಮಗೆ ಗೊತ್ತಾಗಬೇಕು. ನಾನು ಸತ್ತರೂ ನಿಮಗೆ ಗೊತ್ತಾಗಬೇಕು" ಅಂದಳು. ಕಡಿಮೆ ಮಾತಿನವಳು ಆಡಿದ್ದು ಅದೇ ದೊಡ್ಡ ಮಾತು.

ಮಾರನೆಯ ಬೆಳಗ್ಗೆ ಗೋಣಿಚೀಲ ಹೊತ್ತುಕೊಂಡು ಮೊದಲ ಬಸ್ಸಿಗೆ ಮಳವಳ್ಳಿ ಮುಟ್ಟಿದೆ. ಪಟ್ಟಿಗಳನ್ನು ಸ್ಕ್ಯಾನ್ ಮಾಡಿ ಪೋರ್ಟಲಿಗೆ ಹಾಕಿದೆವು. ಪರದೆಯ ಮೇಲೆ ಕನ್ನಡಕದ ಒಬ್ಬ ಆಫೀಸರು ಬಂದರು. ರಂಜಿತ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಇಷ್ಟು ದುಡ್ಡು ಇವರ ಕೈಯಲ್ಲಿ ಎಷ್ಟು ದಿನ ಇರುತ್ತದೆ ಅಂತ ಆಫೀಸರು ಕೇಳಿದ್ದನ್ನು ರಂಜಿತ ನನ್ನ ಕಡೆ ತಿರುಗಿ ಹೇಳಿದಳು. "ಇರಾಕಿಲ್ಲ ಸ್ವಾಮಿ. ಗಾಡಿ ಖಾಲಿ ಆಗೋದ್ರೊಳ್ಗೆ ರೈತ ಕೈ ಚಾಚಿರ್ತಾನೆ" ಅಂದೆ. ಅದನ್ನು ಅವಳು ಇಂಗ್ಲಿಷಿನಲ್ಲಿ ಹೇಳಿದಳು. ಆಫೀಸರು ಬರೆದುಕೊಂಡರು, ನಗಲಿಲ್ಲ, ಬೈಯಲೂ ಇಲ್ಲ. ಪರದೆ ಆರಿತು.

ಆಮೇಲಿನ ದಿನಗಳು ಹೇಗೆ ಹೋದವು ಅಂತ ಕೇಳಬೇಡಿ. ಈಗ ಫೋನು ನನ್ನ ಸೊಂಟದಲ್ಲಿ ಟಣ್ ಅನ್ನುತ್ತಿತ್ತು. ಗ್ಯಾಸಿನವರ ಮೆಸೇಜಿಗೂ ಎದೆ ಹಾರುತ್ತಿತ್ತು. ಇಂಥ ಟಣ್ ಅನ್ನುವುದನ್ನು ಆ ಮನುಷ್ಯ ಎಷ್ಟು ಮನೆಗಳ ಪರವಾಗಿ ಒಬ್ಬರೇ ಕೇಳಿಸಿಕೊಂಡಿದ್ದರು ಅಂತ ಆಗ ಗೊತ್ತಾಯಿತು. ಮಾರುಕಟ್ಟೆಯಲ್ಲಿ ಭಾವನ ಹತ್ತಿರ ಹೋಗುವ ಒಬ್ಬೊಬ್ಬರ ಮಂಡಿಗೂ ಹೋಗಿ, ನಿಮ್ಮ ನಂಬರು ನೀವು ಹಾಕಿಸಿಕೊಳ್ಳಿ ಅಂತ ಗಂಟಲು ಹರಿದುಕೊಂಡೆ. ಚಲುವರಾಜುವನ್ನು ಎಳೆದುಕೊಂಡು ಹೋಗಿ ಮೇಲ್ಮನವಿ ಹಾಕಿಸಿದೆ. ಅವನ ಖಾತೆ ಇನ್ನೂ ಬಿಡುಗಡೆಯಾಗಿಲ್ಲ. ಹಿಯರಿಂಗಿನ ನೋಟೀಸು ಬಂತಾ ಅಂತ ಅವನೂ ದಿನಾ ಫೋನು ನೋಡುತ್ತಾ ಕೂರುತ್ತಾನೆ.

ನನ್ನ ಆರ್ಡರು ಬಂತು. ಪಟ್ಟಿಗಳನ್ನು ಒಪ್ಪಿದ್ದಾರೆ, ಕಮಿಷನ್ ಮಾತ್ರ ನಿಮ್ಮ ಆದಾಯ ಅಂದಿದ್ದಾರೆ, ಏನೂ ಸೇರಿಸಿಲ್ಲ ಅಂತ ರಂಜಿತ ಫೋನಿನಲ್ಲಿ ಓದಿ ಹೇಳಿದಳು. ನಾನು ಕಾಯಿ ಗುಡ್ಡೆಯ ಮೇಲೆಯೇ ಕೂತುಬಿಟ್ಟೆ. ಅತ್ತೆಗೆ ಹೇಳುವುದಕ್ಕೂ ಮುಂಚೆ ಭಾವನಿಗೆ ಫೋನ್ ಮಾಡಿದೆ.

"ಭಾವ, ನನ್ ಕೇಸ್ ಮುಗೀತು. ನೀವು ಬರ್ದಿದ್ ಉತ್ರಾನೂ, ನೀವು ಮಡಗ್ಸಿದ್ ಪಟ್ಟೀನೂ ಒಪ್ಕಂಡವ್ರೆ."

"ಒಳ್ಳೇದಾಯ್ತು ಕಣವ್ವ." ಅವರ ದನಿಯಲ್ಲಿ ಹಳೆಯ ಗತ್ತು ಇತ್ತು. ಆಮೇಲೆ ಅದು ಇಳಿಯಿತು, ಪಕ್ಕದಲ್ಲಿ ಯಾರೋ ಇದ್ದಾರೆ ಅನ್ನುವ ಹಾಗೆ. "ಒಂದ್ ಮಾತು. ನನ್ ಎಸ್ರು ತೆಗ್ದಿದ್ದು ಮಾದೇವುಗೆ ಏಳ್ಬೇಡ. ಬೇಜಾರ್ ಮಾಡ್ಕತಾನೆ."

ಲಾರಿಗೆ ಕಾಯಿ ತುಂಬುವ ಸದ್ದು ಜೋರಾಗಿತ್ತು. ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡೆ.

"ಏಳಾಕಿಲ್ಲ ಭಾವ" ಅಂದೆ.